ಮೇಜು, ಬೋರ್ಡು, ಇಡ್ಲಿ: ‘ಚೇಂಜ್ ಮೈ ಮೈಂಡ್’ ಚಿತ್ರವನ್ನು ಕನ್ನಡದಲ್ಲಿ ಮಾಡುವುದು ಹೇಗೆ?

ಮೇಜಿನ ಹಿಂದೆ ಆರಾಮಾಗಿ ಕೂತ ಮನುಷ್ಯ. ಕೈಯಲ್ಲಿ ಕಾಫಿ ಮಗ್. ಮೇಜಿನ ಮುಂದೆ ಒಂದು ದೊಡ್ಡ ಬೋರ್ಡು, ಅದರ ಕೆಳಗಿನ ಸಾಲಿನಲ್ಲಿ ‘ಚೇಂಜ್ ಮೈ ಮೈಂಡ್’. ಈ ಚಿತ್ರ ನಿಮ್ಮ ಫೋನಿಗೂ ಬಂದಿರುತ್ತದೆ, ಅಲ್ವಾ? ಇದು 2018ರ ಫೆಬ್ರುವರಿಯದು. ಅಮೆರಿಕದ ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿಯ ಹೊರಗೆ ಸ್ಟೀವನ್ ಕ್ರೌಡರ್ ಎಂಬ ನಿರೂಪಕ ಹೀಗೆ ಕೂತಿದ್ದರು. ಬೋರ್ಡಿನ ಮೇಲಿನ ಸಾಲಿನಲ್ಲಿ ಗಂಡಸರಿಗೆ ವಿಶೇಷ ಸವಲತ್ತು ಇದೆ ಎಂಬುದೇ ಸುಳ್ಳು ಎಂಬ ರಾಜಕೀಯ ವಾದ ಇತ್ತು. ಜನ ಆ ಸಾಲನ್ನು ಅಳಿಸಿ ತಮಗೆ ತೋಚಿದ್ದನ್ನು ಬರೆಯತೊಡಗಿದರು. ಕೂತವರ ಮುಖದಲ್ಲಿ ಅಷ್ಟು ಗಟ್ಟಿ ನಂಬಿಕೆ, ಬೋರ್ಡಿನಲ್ಲಿ ತಲೆಬುಡವಿಲ್ಲದ ಮಾತು. ನಗು ಹುಟ್ಟುವುದು ಇವೆರಡರ ನಡುವಿನ ಅಂತರದಲ್ಲಿ.

ಹಾಗಾಗಿ ಮೊದಲ ಕೆಲಸ ಚಿತ್ರದ್ದಲ್ಲ, ವಾಕ್ಯದ್ದು. ಇಡ್ಲಿಯ ಬಗ್ಗೆ ಬರೆಯೋಣ ಅಂದುಕೊಳ್ಳಿ. ‘ಇಡ್ಲಿಗಿಂತ ಚಟ್ನಿಯೇ ರುಚಿ’ ಎಂದರೆ ಅರ್ಧ ಜನ ಹೌದೆಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದರಲ್ಲಿ ಹುಚ್ಚುತನವೇ ಇಲ್ಲ. ‘ಇಡ್ಲಿ ಚಂದ್ರನಿಂದ ಬಿದ್ದದ್ದು’ ಎಂದರೆ ಅದು ಬರೀ ಸುಳ್ಳು, ವಾದಕ್ಕೆ ಹಿಡಿಯೇ ಸಿಗುವುದಿಲ್ಲ. ಈಗ ಇದನ್ನು ನೋಡಿ: ‘ಇಡ್ಲಿ ತಿಂಡಿಯಲ್ಲ, ಚಟ್ನಿ ತಿನ್ನೋ ಚಮಚ’. ಮಾತು ಹುಚ್ಚು, ಆದರೆ ಒಂದು ಎಳೆ ನಿಜವಿದೆ. ಇಡ್ಲಿ ಮುರಿದು ಚಟ್ನಿ ಬಾಚಿಕೊಳ್ಳುವುದನ್ನು ನಾವೆಲ್ಲ ಮಾಡಿದ್ದೇವೆ. ‘ಹಾಗಾದ್ರೆ ತಟ್ಟೆ ಇಡ್ಲಿ ಸೌಟಾ?’ ಎಂದು ಯಾರಾದರೂ ಕೇಳುತ್ತಾರೆ. ಹಾಗೆ ಕೇಳಿದರೆ ವಾಕ್ಯ ಗೆದ್ದಿತು.

‘ನನಗನಿಸಿದ ಹಾಗೆ’, ‘ಬಹುಶಃ’ ಇಂಥವನ್ನು ಹೊಡೆದುಹಾಕಿ. ನಗುವ ಇಮೋಜಿಯೂ ಬೇಡ, ಕೂತವರ ನಂಬಿಕೆಯನ್ನು ಅದು ಕೆಡಿಸುತ್ತದೆ. ವಿಷಯ ತಿಂಡಿ, ಚಪ್ಪಲಿ, ಕೊಡೆಯಂಥ ವಸ್ತುವಾಗಿರಲಿ. ಜಾತಿ, ಊರು, ಭಾಷೆಯ ಜನರ ಮೇಲೆ ಬರೆದರೆ ಅದೇ ಗಟ್ಟಿ ಮುಖ ಅವಮಾನದ ಮುಖವಾಗುತ್ತದೆ.

ಇನ್ನು ಅಕ್ಷರ. ಕನ್ನಡದಲ್ಲಿ ಮಾಡುವವರು ಜಾಸ್ತಿ ಎಡವುವುದು ಇಲ್ಲೇ. ಮೀಮ್ ತಯಾರಿಸುವ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಕೂಡುವುದಿಲ್ಲ. ‘ಇಡ್ಲಿ’ ಎಂದು ಟೈಪ್ ಮಾಡಿ ನೋಡಿ. ಲ ಒತ್ತು ಕೆಳಗೆ ಕೂರದೆ ‘ಇಡ್‌ಲಿ’ ಎಂದು ಬಿಡಿಬಿಡಿಯಾಗಿ ಕಂಡರೆ ಆ ಆ್ಯಪ್ ಬಿಟ್ಟುಬಿಡಿ. ಕಂಪ್ಯೂಟರಿನಲ್ಲಿ ಚಿತ್ರ ತಿದ್ದಲು ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಗಿಂಪ್ ಸಾಕು. ಫಾಂಟ್ ದಪ್ಪಗಿರಲಿ, ಬಲೂ ತಮ್ಮ 2 ನನಗೆ ಇಷ್ಟ.

ಮೇಲಿನ ಸಾಲು ಖಾಲಿ ಇರುವ ಚಿತ್ರವನ್ನು ಗಿಂಪ್‌ನಲ್ಲಿ ತೆರೆಯಿರಿ. ‘ಚೇಂಜ್ ಮೈ ಮೈಂಡ್’ ಸಾಲನ್ನು ಇಂಗ್ಲಿಷಿನಲ್ಲೇ ಬಿಡಿ ಎಂಬುದು ನನ್ನ ಸಲಹೆ, ಜನ ಚಿತ್ರವನ್ನು ಗುರುತಿಸುವುದೇ ಅದರಿಂದ. ಟೆಕ್ಸ್ಟ್ ಟೂಲ್ ಹಿಡಿದು ವಾಕ್ಯವನ್ನು ಎರಡು ಸಾಲಾಗಿ ಬರೆಯಿರಿ: ಮೇಲೆ ‘ಇಡ್ಲಿ ತಿಂಡಿಯಲ್ಲ’, ಕೆಳಗೆ ‘ಚಟ್ನಿ ತಿನ್ನೋ ಚಮಚ’. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಮೇಲೂ ಕೆಳಗೂ ಬಾಲವಿಲ್ಲ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ‘ತಿಂಡಿಯಲ್ಲ’ದ ಒತ್ತು ಕೆಳಗಿನ ‘ತಿನ್ನೋ’ಗೆ ತಗುಲಿದರೆ ಸಾಲುಗಳ ನಡುವಿನ ಜಾಗ ಹೆಚ್ಚಿಸಿ. ಆಗ ಬೋರ್ಡಿನಲ್ಲಿ ಹಿಡಿಸದಿದ್ದರೆ ಅಕ್ಷರ ಸಣ್ಣದು ಮಾಡಿ. ಇನ್ನೂ ಹಿಡಿಸದಿದ್ದರೆ ವಾಕ್ಯವನ್ನೇ ಚಿಕ್ಕದು ಮಾಡಿ.

ಕಾಗುಣಿತವನ್ನು ಈಗಲೇ ನೋಡಿಕೊಳ್ಳಿ. ಅಕ್ಷರವನ್ನು ತಿರುಗಿಸಿದ ಮೇಲೆ ತಿದ್ದಲು ಹೋದರೆ ತಿರುಗಿಸಿದ್ದು ಅಳಿಸಿಹೋಗುತ್ತದೆ.

ಬೋರ್ಡು ಸ್ವಲ್ಪ ಓರೆಯಾಗಿದೆ, ನೇರ ಅಕ್ಷರ ಇಟ್ಟರೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಮೆಷರ್ ಟೂಲ್ ತೆಗೆದುಕೊಂಡು ಇಂಗ್ಲಿಷ್ ಸಾಲಿನ ಬುಡಕ್ಕೆ ಸರಿಯಾಗಿ ಒಂದು ಗೆರೆ ಎಳೆಯಿರಿ, ಎಷ್ಟು ಡಿಗ್ರಿ ಓರೆ ಎಂದು ಅದೇ ಹೇಳುತ್ತದೆ. ರೊಟೇಟ್ ಟೂಲ್‌ನಲ್ಲಿ ಅಷ್ಟೇ ಡಿಗ್ರಿ ತಿರುಗಿಸಿ.

ಬಣ್ಣದ ವಿಷಯವೂ ಇದೆ. ಕಡುಗಪ್ಪು ಬಣ್ಣ ಹಾಕಿದರೆ ಅಂಟಿಸಿದ್ದು ಎಂದು ಥಟ್ಟನೆ ಗೊತ್ತಾಗುತ್ತದೆ, ಏಕೆಂದರೆ ಫೋಟೊದಲ್ಲಿ ಹಗಲ ಬೆಳಕಿಗೆ ಕಪ್ಪು ಅಕ್ಷರವೂ ಸ್ವಲ್ಪ ಮಂಕಾಗಿರುತ್ತದೆ. ಕಲರ್ ಪಿಕರ್‌ನಿಂದ ಇಂಗ್ಲಿಷ್ ಅಕ್ಷರದ ಬಣ್ಣವನ್ನೇ ಎತ್ತಿಕೊಂಡು, ಕಾಗುಣಿತದ ಹಾಗೆ ಇದನ್ನೂ ತಿರುಗಿಸುವ ಮೊದಲೇ ಹಾಕಿಬಿಡಿ. ಅಂಚು ಆಗಲೂ ಚೂಪಾಗಿ ಕಂಡರೆ ಅರ್ಧ ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಡಿ.

ಕೊನೆಗೆ ಚಿತ್ರವನ್ನು ನಿಮ್ಮದೇ ಇನ್ನೊಂದು ಫೋನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ದೊಡ್ಡದು ಮಾಡದೆ ಓದಿ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವಾಗ ಮೊದಲು ಕದಡುವುದು ಸಣ್ಣ ಒತ್ತುಗಳು. ‘ಚಟ್ನಿ’ಯ ನ ಒತ್ತು ಬರೀ ಚುಕ್ಕೆಯಾಗಿ ಕಂಡರೆ ಹಿಂದಕ್ಕೆ ಹೋಗಿ ಅಕ್ಷರ ದೊಡ್ಡದು ಮಾಡಿ, ಮತ್ತೆ ಕಳಿಸಿ ನೋಡಿ.