ಮನೆ ಖಾಲಿ ಮಾಡುವ ನೋಟಿಸ್: ದಿನ ಎಣಿಸೋದು ಹೀಗೆ

ಬಾಡಿಗೆ ಕರಾರಿನಲ್ಲಿ ‘ಎರಡು ತಿಂಗಳ ಮುಂಚೆ ಲಿಖಿತ ನೋಟಿಸ್’ ಅಂತಿದ್ದರೆ, ನೀವು ಪತ್ರ ಕಳಿಸಿದ ದಿನದಿಂದ ಎಣಿಸಬೇಡಿ. ಅದು ಮಾಲೀಕರ ಕೈಸೇರಿದ ದಿನದಿಂದ ಲೆಕ್ಕ ಹಾಕೋದೇ ಸುರಕ್ಷಿತ, ಆ ದಿನವನ್ನೂ ಬಿಟ್ಟು. ಮಾರ್ಚ್ 5ಕ್ಕೆ ಅಂಚೆಗೆ ಹಾಕಿದ್ದು 10ಕ್ಕೆ ತಲುಪಿತು ಅಂದುಕೊಳ್ಳಿ. ಎಣಿಕೆ 11ರಿಂದ ಶುರುವಾಗಿ ಮೇ 10ಕ್ಕೆ ಮುಗಿಯುತ್ತದೆ. ಕರಾರಿನಲ್ಲಿ ‘60 ದಿನ’ ಅಂತಿದ್ದರೆ ಮಾತ್ರ ಮೇ 9. ತಿಂಗಳು ಅಂದರೆ ಕ್ಯಾಲೆಂಡರ್ ತಿಂಗಳು, 30 ದಿನವಲ್ಲ. ಈ ಒಂದು ದಿನದ ವ್ಯತ್ಯಾಸಕ್ಕೇ ಅಡ್ವಾನ್ಸ್‌ನಲ್ಲಿ ಬಾಡಿಗೆ ಮುರಿದುಕೊಳ್ಳುವ ಜಗಳ ಹುಟ್ಟುತ್ತದೆ. ಹಾಗಾಗಿ ಮೂರ್ನಾಲ್ಕು ದಿನ ಹೆಚ್ಚೇ ಇಟ್ಟು, ಖಾಲಿ ಮಾಡುವ ತಾರೀಕನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿರಿ.

ಕರಾರಿನಲ್ಲಿರುವ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಮತ್ತು ಡೆಲಿವರಿ ಆದ ದಿನಾಂಕದ ಟ್ರ್ಯಾಕಿಂಗ್ ಪುಟ ಎರಡನ್ನೂ ಇಟ್ಟುಕೊಳ್ಳಿ. ಕೈಯಲ್ಲೇ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ‘ತಲುಪಿದೆ’ ಎಂದು ತಾರೀಕಿನ ಸಮೇತ ಸಹಿ ಹಾಕಿಸಿಕೊಳ್ಳಿ. ವಾಟ್ಸಾಪ್ ಸಂದೇಶ ಇದರ ಜೊತೆಗಿರಲಿ, ಅದೊಂದನ್ನೇ ನಂಬಬೇಡಿ.

ಕರಾರೇ ಇಲ್ಲದ ತಿಂಗಳ ಬಾಡಿಗೆಗೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ನೋಟಿಸ್ ತಲುಪಿದಲ್ಲಿಂದ 15 ದಿನ.