ವಿಷುವದ ಸಮಯವನ್ನು ನಾಲ್ಕು ಕಾಲಮ್‌ಗಳಲ್ಲಿ ಬರೆದಾಗ ಕಂಡದ್ದು

ವಿಷುವದ ದಿನಾಂಕ ಏಕೆ ಹಿಂದೆ ಮುಂದೆ ಸರಿಯುತ್ತದೆ ಎಂಬುದು ನನಗೆ ನಿಚ್ಚಳವಾದದ್ದು ದಿನಾಂಕವನ್ನು ಬಿಟ್ಟು ಗಂಟೆ, ನಿಮಿಷಗಳನ್ನು ಬರೆಯತೊಡಗಿದ ಮೇಲೆ. ವಿಷುವ ಇಡೀ ಒಂದು ದಿನವಲ್ಲ, ಸೂರ್ಯ ಭೂಮಿಯ ಸಮಭಾಜಕಕ್ಕೆ ನೇರವಾಗುವ ಒಂದು ಕ್ಷಣ. ಖಗೋಳ ಕೋಷ್ಟಕಗಳಲ್ಲಿ ಸಿಗುವ ಮಾರ್ಚ್ ತಿಂಗಳ ಆ ಸಮಯಗಳನ್ನು ಗ್ರೀನಿಚ್ ಗಡಿಯಾರದ ಪ್ರಕಾರ, ಸಾಲಿಗೆ ನಾಲ್ಕು ವರ್ಷದಂತೆ, ಪ್ರತಿ ಸಾಲೂ ಅಧಿಕ ವರ್ಷದಿಂದ ಶುರುವಾಗುವ ಹಾಗೆ ಬರೆದುಕೊಂಡೆ.

ಒಂದು ಸಾಲು ಹೀಗಿದೆ: 2020ರಲ್ಲಿ 3:50, 2021ರಲ್ಲಿ 9:37, 2022ರಲ್ಲಿ 15:33, 2023ರಲ್ಲಿ 21:24. ನಾಲ್ಕೂ ಮಾರ್ಚ್ 20. ಸೂರ್ಯನ ವರ್ಷಕ್ಕೆ 365 ದಿನ, 5 ಗಂಟೆ, 49 ನಿಮಿಷ ಬೇಕು. ಕ್ಯಾಲೆಂಡರ್ 365ಕ್ಕೇ ನಿಲ್ಲಿಸುತ್ತದೆ. ಹಾಗಾಗಿ ವರ್ಷವರ್ಷವೂ ವಿಷುವ ಸುಮಾರು ಆರು ಗಂಟೆ ತಡ. ಇದೇ ಲೆಕ್ಕದಲ್ಲಿ 2024ರದು ಮಾರ್ಚ್ 21ರ 3:06ಕ್ಕೆ ಬೀಳಬೇಕಿತ್ತು. ನಡುವೆ ಫೆಬ್ರವರಿ 29 ಬಂದದ್ದರಿಂದ ಅದೇ ಕ್ಷಣಕ್ಕೆ 20 ಎಂಬ ಅಂಕಿ ಬಿತ್ತು.

ಕಳೆದು ನೋಡಿದರೆ ಅಂತರಗಳು ಒಂದೇ ಸಮನಾಗಿರುವುದಿಲ್ಲ: 5:47, 5:56, 5:51, 5:42. ಲೆಕ್ಕ ತಪ್ಪಿತೆಂದು ಅಂಜಬೇಕಾಗಿಲ್ಲ. ಚಂದ್ರ ಮತ್ತು ಇತರ ಗ್ರಹಗಳ ಸೆಳೆತದಿಂದ ಭೂಮಿ ತನ್ನ ದಾರಿಯಲ್ಲಿ ತುಸು ಓಲಾಡುತ್ತದೆ. ಅದಕ್ಕೇ ಒಂದು ವರ್ಷದ ಅಂತರವನ್ನು ನಂಬದೆ ನಾಲ್ಕನ್ನೂ ಕೂಡಿಸಬೇಕು: 23 ಗಂಟೆ 16 ನಿಮಿಷ. ನಾವು ಸೇರಿಸಿದ್ದು 24 ಗಂಟೆ. 44 ನಿಮಿಷ ಹೆಚ್ಚಾಯಿತು.

ಈ ಹೆಚ್ಚುವರಿಯನ್ನು ನೋಡಲು ಸಾಲನ್ನು ಬಿಟ್ಟು ಕಾಲಮ್ ಓದಬೇಕು; ಇಡೀ ಕೋಷ್ಟಕದಲ್ಲಿ ನನಗೆ ಅತಿ ಇಷ್ಟವಾದದ್ದು ಕೊನೆಯ ಕಾಲಮ್. 2003ರಲ್ಲಿ ಮಾರ್ಚ್ 21ರ 1:00, 2007ರಲ್ಲಿ 21ರ 0:07, 2011ರಲ್ಲಿ 20ರ 23:21. ಮಧ್ಯರಾತ್ರಿಯ ಗೆರೆ ದಾಟಿ 21 ಎಂಬುದು ಕಣ್ಣೆದುರೇ 20 ಆಗುತ್ತದೆ. ಗ್ರೀನಿಚ್ ಗಡಿಯಾರದಲ್ಲಿ ಈ ಶತಮಾನದ ಕೊನೆಯ ಮಾರ್ಚ್ 21ರ ವಿಷುವ 2007ರದೇ. 2044ರಲ್ಲಿ ಮೊದಲ ಕಾಲಮ್ ಕೂಡ ಗೆರೆ ದಾಟಿ 19ಕ್ಕೆ ಇಳಿಯುತ್ತದೆ.

ಜೂನ್‌ನ ಅಯನ ಸಂಕ್ರಾಂತಿ ಈಗ ಸರಿಯಾಗಿ ಆ ಗೆರೆಯ ಮೇಲೇ ಇದೆ: 2024ರಲ್ಲಿ 20ರ 20:51, 2025ರಲ್ಲಿ 21ರ 2:42. ಗ್ರೀನಿಚ್‌ಗಿಂತ ನಾಲ್ಕು ಗಂಟೆ ಮುಂದಿರುವ ಊರಿನಲ್ಲಿ ಎರಡೂ 21ನೇ ತಾರೀಖೇ. ಆದ್ದರಿಂದ ಎರಡು ಕ್ಯಾಲೆಂಡರ್‌ಗಳು ಬೇರೆ ದಿನಾಂಕ ತೋರಿಸಿದರೆ ನಾನು ಮೊದಲು ನೋಡುವುದು ಅವು ಯಾವ ಗಡಿಯಾರ ಹಿಡಿದಿವೆ ಎಂಬುದನ್ನು.

ನಾಲ್ಕು ವರ್ಷಕ್ಕೆ ಮುಕ್ಕಾಲು ಗಂಟೆಯಂತೆ ನೂರು ವರ್ಷಕ್ಕೆ ಸುಮಾರು 18 ಗಂಟೆ ಹಿಂದೆ ಸರಿಯುತ್ತದೆ. ಅದನ್ನು ಸರಿಪಡಿಸಲೆಂದೇ 1582ರ ಗ್ರೆಗೋರಿಯನ್ ಸುಧಾರಣೆ ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವನ್ನು ಮಾತ್ರ ಅಧಿಕ ವರ್ಷವಾಗಿ ಉಳಿಸಿತು. 1900 ಅಧಿಕ ವರ್ಷವಲ್ಲ, 2000 ಹೌದು. ಹೀಗಾಗಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಈ ಜಾರುವಿಕೆಗೆ ತಡೆಯೇ ಬಿದ್ದಿಲ್ಲ. 1903ರಲ್ಲಿ ಮಾರ್ಚ್ 21ರ ಸಂಜೆಯಿದ್ದ ವಿಷುವ 2096ರಲ್ಲಿ 19ರ ಮಧ್ಯಾಹ್ನಕ್ಕೆ ಬಂದಿರುತ್ತದೆ. 2100ರಲ್ಲಿ ಫೆಬ್ರವರಿ 29 ಇರುವುದಿಲ್ಲ. ಅಲ್ಲಿಂದ ನಾಲ್ಕೂ ಕಾಲಮ್‌ಗಳು ಒಂದು ದಿನ ಮುಂದಕ್ಕೆ ಹೋಗುತ್ತವೆ.