ಡಬ್ಬಿಯ ತಳದಲ್ಲಿ ಸಕ್ಕರೆ ಕೂತಿತ್ತು

ಶಿರಸಿ ಹತ್ತಿರ ನಮ್ಮದು ಒಂದೆಕರೆ ಕಬ್ಬು. ಶಿವರಾತ್ರಿ ಆಸುಪಾಸಲ್ಲಿ ಆಲೆಮನೆ ಹೂಡಿ ಜೋನಿ ಬೆಲ್ಲ, ಅಂದರೆ ಸುರಿಯುವಂಥ ನೀರು ಬೆಲ್ಲ, ಮಾಡುತ್ತೇವೆ. ಮೊದಲೆಲ್ಲ ಪೇಟೆಯ ಅಂಗಡಿಗೆ ಕೊಡುತ್ತಿದ್ದೆ. ಆಮೇಲೆ ಬೆಂಗಳೂರಿನ ಮನೆಗಳಿಗೇ ಕೊಡೋಣ ಎಂದು ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಫೋಟೊ ವಾಟ್ಸಾಪ್‌ಗೆ ಹಾಕಿದೆ. ದರ ಕೇಳಿದವರು ಬಹಳ, ತಗೊಂಡವರು ಹನ್ನೊಂದು ಮನೆಯವರು.

ಕೊರಿಯರ್‌ನಲ್ಲಿ ಕಳಿಸಿದ ಹನ್ನೊಂದರಲ್ಲಿ ಮೂರು ಡಬ್ಬಿ ಸೋರಿದವು. ತಪ್ಪು ನನ್ನದೇ. ಬಿಸಿ ಆರುವ ಮೊದಲೇ ಕಂಠಪೂರ್ತಿ ತುಂಬಿ ಮುಚ್ಚಿದ್ದೆ. ಹಾಗೆ ಮುಚ್ಚಿದರೆ ಆವಿ ಮುಚ್ಚಳದಲ್ಲಿ ನೀರಾಗಿ ಬೆಲ್ಲದ ಮೇಲೆ ಬೀಳುತ್ತದೆ. ಆ ತೆಳು ಪದರದಲ್ಲೇ ಹುಳಿ ಶುರು, ನೊರೆ ಬಂದು ಮುಚ್ಚಳ ಉಬ್ಬುತ್ತದೆ. ಈಗ ಒಂದು ರಾತ್ರಿ ಬಟ್ಟೆ ಮುಚ್ಚಿ ಆರಿಸುತ್ತೇನೆ. ತುಂಬುವಾಗ ಎರಡು ಬೆರಳು ಜಾಗ ಬಿಡುತ್ತೇನೆ.

ಕೊರಿಯರ್ ಬಿಟ್ಟು ರಾತ್ರಿ ಬಸ್ಸಿನಲ್ಲಿ ಕಳಿಸತೊಡಗಿದೆ. ಆದರೆ ಬೆಳಿಗ್ಗೆ ಐದಕ್ಕೆ ಬಸ್‌ಸ್ಟ್ಯಾಂಡಿಗೆ ಬಂದು ಎರಡು ಕೆಜಿ ಬೆಲ್ಲ ಯಾರು ಒಯ್ಯುತ್ತಾರೆ? ಭಾವನ ಮನೆ ರಾಜಾಜಿನಗರದಲ್ಲಿದೆ. ತಿಂಗಳಿಗೊಂದು ಶನಿವಾರ ರಾತ್ರಿ ಅಲ್ಲಿಗೆ ಕಳಿಸುತ್ತೇನೆ, ಭಾನುವಾರ ಗಿರಾಕಿಗಳೇ ಬಂದು ಒಯ್ಯುತ್ತಾರೆ. ನಲವತ್ತು ಡಬ್ಬಿಗಿಂತ ಜಾಸ್ತಿ ಇಲ್ಲ, ಭಾವನ ಹಜಾರದಲ್ಲಿ ಅಷ್ಟೇ ಹಿಡಿಸುವುದು. ವೈಟ್‌ಫೀಲ್ಡಿನವರು ಬಹಳ ಕೇಳಿದರು. ಬರಲು ಆಗದವರಿಗೆ ಇಲ್ಲ ಅಂದುಬಿಟ್ಟೆ.

ದೊಡ್ಡ ಗಲಾಟೆ ಆಗಿದ್ದು ಜೂನ್‌ನಲ್ಲಿ. ಒಬ್ಬರು ತಳದಲ್ಲಿ ಕೂತ ಹರಳಿನ ಫೋಟೊ ಗುಂಪಿಗೇ ಹಾಕಿ, "ಸಕ್ಕರೆ ಕಲಸಿದ್ದೀರಿ ಅಲ್ವಾ?" ಅಂದರು. ಅನುಮಾನ ತಪ್ಪಲ್ಲ, ಸಕ್ಕರೆ ಕಲಸುವವರು ಇದ್ದಾರೆ. ಆದರೆ ಕಬ್ಬಿನ ಹಾಲಲ್ಲೇ ಇರುವ ಸಕ್ಕರೆಯೂ ಇಟ್ಟಲ್ಲಿ ಹರಳುಗಟ್ಟುತ್ತದೆ, ಪಾಕ ಗಟ್ಟಿಯಾದಷ್ಟೂ ಬೇಗ. ಹರಳು ನೋಡಿ ಅಸಲಿ, ನಕಲಿ ಹೇಳಲಾಗದು ಎಂದೇ ಬರೆದೆ. ಡಬ್ಬಿಯನ್ನು ಬಿಸಿನೀರಲ್ಲಿಟ್ಟು ಕದಡಿ, ಬೇಡವಾದರೆ ವಾಪಸ್ ಕೊಡಿ, ದುಡ್ಡು ಕೊಡುತ್ತೇನೆ ಅಂದೆ. ಅವರ ಡಬ್ಬಿಯ ತಾರೀಕಿಗೇ ಕುದಿಸಿದ, ನಮ್ಮ ಮನೆಯಲ್ಲಿದ್ದ ಡಬ್ಬಿ ತೆಗೆದು ಅದರ ತಳವನ್ನೂ ತೋರಿಸಿದೆ. ಪುಣ್ಯಕ್ಕೆ ಡಬ್ಬಿಗಳ ಮೇಲೆ ಕುದಿಸಿದ ತಾರೀಕು ಬರೆದಿದ್ದೆ. ವಾಪಸ್ ಬಂದದ್ದು ಒಂದೇ.

ಆಮೇಲಿಂದ ಜಾಹೀರಾತಿನಲ್ಲೇ ಹರಳಿನ ಫೋಟೊ ಹಾಕುತ್ತೇನೆ. ಕೆಲವರು ಅಲ್ಲೇ ಹಿಂದೆ ಸರಿಯುತ್ತಾರೆ. ಸರಿಯಲಿ, ಡಬ್ಬಿ ಮನೆ ಸೇರಿದ ಮೇಲೆ ಜಗಳ ಆಗುವುದಕ್ಕಿಂತ ವಾಸಿ.

ಯಾರು ಯಾವಾಗ ಒಯ್ದರು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ದೋಸೆ ತಿನ್ನುವ ನಾಲ್ಕು ಜನರ ಮನೆಗೆ ಎರಡು ಕೆಜಿ ಸುಮಾರು ಎರಡು ತಿಂಗಳು ಬರುತ್ತದೆ. ಏಳನೇ ವಾರ ಅವರಿಗಷ್ಟೇ "ಬೆಲ್ಲ ಮುಗಿಯಿತಾ?" ಎಂದು ಕಳಿಸುತ್ತೇನೆ. ಎಲ್ಲರಿಗೂ ವಾರ ವಾರ ಕಳಿಸುತ್ತಿದ್ದಾಗ ಸುಮ್ನೆ ಮ್ಯೂಟ್ ಮಾಡುತ್ತಿದ್ದರು. ಹಳಬರ ಪಾಲು ತೆಗೆದಿಟ್ಟ ಮೇಲೆ ಉಳಿದರಷ್ಟೇ ಹೊಸಬರಿಗೆ. ಈ ಸಲ ದೀಪಾವಳಿಗೆ ಉಳಿದದ್ದು ಆರು ಡಬ್ಬಿ.